ಖಾತೆಯಿಂದ ಕಟ್ ಆದ ದುಡ್ಡು ಒಂದು ದಿನ ಎಲ್ಲಿತ್ತು?

ಪ್ರಶ್ನೆ: ಭತ್ತ ಕೊಯ್ಯೋ ಮಷಿನ್‌ನವರಿಗೆ ಹೊಲದಾಗೇ ನಿಂತು ಫೋನಿಂದ 8,500 ರೂಪಾಯಿ ಹಾಕಿದೆ. ನನ್ನ ಖಾತೆಯಿಂದ ಕಟ್ ಆಯ್ತು, ಮೆಸೇಜೂ ಬಂತು. ಅವರಿಗೆ ಮಾತ್ರ ಬರಲಿಲ್ಲ. ‘ಇನ್ನೊಮ್ಮೆ ಹಾಕ್ರಿ’ ಅಂದ್ರು, ನಾನು ಹಾಕಲಿಲ್ಲ. ಮರುದಿನ ಮಧ್ಯಾಹ್ನ ಅವರ ಖಾತೆಗೆ ಬಂದು ಬಿತ್ತು. ದಿನಾ ಎರಡು ಸೆಕೆಂಡಿಗೆ ಹೋಗೋ ದುಡ್ಡು ಅವತ್ತು ಎಲ್ಲಿ ಕುಂತಿತ್ತು?
— ಓದುಗರು, ಕಾರಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಇನ್ನೊಮ್ಮೆ ಹಾಕದೆ ಇದ್ದದ್ದು ಬಹಳ ಒಳ್ಳೆಯದಾಯಿತು. ಹಾಕಿದ್ದರೆ ಮಷಿನ್ ಮಾಲೀಕರಿಗೆ 17,000 ರೂಪಾಯಿ ಸೇರುತ್ತಿತ್ತು, ಹೆಚ್ಚಿನದನ್ನು ನೀವೇ ಕೇಳಿ ವಾಪಸ್ ಪಡೆಯಬೇಕಾಗುತ್ತಿತ್ತು. ನೀವು ವಿವರಿಸಿದ್ದನ್ನು ನೋಡಿದರೆ, ಆ ಹೊತ್ತಿನ ಬಹುಪಾಲು ನಿಮ್ಮ ದುಡ್ಡು ಇದ್ದದ್ದು ಅವರದೇ ಬ್ಯಾಂಕಿನಲ್ಲಿ. ಬ್ಯಾಂಕಿಗೆ ಸೇರಿತ್ತು, ಅವರ ಖಾತೆಗೆ ಸೇರಿರಲಿಲ್ಲ. ಇದು ಹೇಗೆ ಸಾಧ್ಯ ಎಂದು ತಿಳಿಯಲು ಆ ಎರಡು ಸೆಕೆಂಡನ್ನು ಬಿಡಿಸಿ ನೋಡಬೇಕು.

ನೀವು ಸ್ಕ್ಯಾನ್ ಮಾಡಿ ಮೊತ್ತ ಬರೆದು ಪಿನ್ ಒತ್ತಿದ ಕೂಡಲೇ, ಆ ಪಿನ್ ನಿಮ್ಮ ಫೋನಿನಲ್ಲೇ ಗೂಢಲಿಪಿಯಾಗುತ್ತದೆ. ಆ್ಯಪ್‌ನವರಿಗೂ ಅದು ಕಾಣುವುದಿಲ್ಲ. ಅಲ್ಲಿಂದ ಒಂದು ಸಂದೇಶ ಎನ್‌ಪಿಸಿಐ ಎಂಬ ಸಂಸ್ಥೆಯ ಕೇಂದ್ರಕ್ಕೆ ಹೋಗುತ್ತದೆ. 2016ರಲ್ಲಿ ಯುಪಿಐ ಶುರು ಮಾಡಿದವರು ಇವರೇ. ಈ ಕೇಂದ್ರ ಮೊದಲು ಹಣ ಪಡೆಯುವವರ ಯುಪಿಐ ವಿಳಾಸ ಯಾವ ಬ್ಯಾಂಕಿನ ಯಾವ ಖಾತೆಗೆ ಸೇರಿದ್ದು ಎಂದು ವಿಚಾರಿಸುತ್ತದೆ. ಉತ್ತರ ಬಂದ ಮೇಲೆ ನಿಮ್ಮ ಬ್ಯಾಂಕಿಗೆ ‘ಈ ಖಾತೆಯಿಂದ 8,500 ಕಳೆಯಿರಿ’ ಎನ್ನುತ್ತದೆ. ನಿಮ್ಮ ಬ್ಯಾಂಕ್ ಪಿನ್ ತಾಳೆ ನೋಡಿ, ಬಾಕಿ ನೋಡಿ, ಕಳೆದು, ‘ಕಳೆದೆ’ ಎಂದು ಉತ್ತರಿಸುತ್ತದೆ. ಆ ಉತ್ತರ ಬಂದ ಮೇಲಷ್ಟೇ ಕೇಂದ್ರವು ಅವರ ಬ್ಯಾಂಕಿಗೆ ‘ಈ ಖಾತೆಗೆ 8,500 ಸೇರಿಸಿರಿ’ ಎನ್ನುತ್ತದೆ. ಅಲ್ಲಿಂದ ‘ಸೇರಿಸಿದೆ’ ಎಂದು ಬಂದರೆ ಇಬ್ಬರ ಫೋನಿಗೂ ಸುದ್ದಿ ಮುಟ್ಟುತ್ತದೆ.

ಗಮನಿಸಿ, ಇಷ್ಟರಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ಒಂದು ರೂಪಾಯಿಯೂ ಹೋಗಿಲ್ಲ. ಹೋದದ್ದು ಸಂದೇಶ ಮಾತ್ರ. ಒಂದು ಲೆಕ್ಕದಲ್ಲಿ ಕಳೆದರು, ಇನ್ನೊಂದು ಲೆಕ್ಕದಲ್ಲಿ ಕೂಡಿಸಿದರು. ಅವರ ಬ್ಯಾಂಕ್ ತನಗಿನ್ನೂ ಬಾರದ ಹಣವನ್ನು ‘ಬಂದೇ ಬರುತ್ತದೆ’ ಎಂಬ ಭರವಸೆಯ ಮೇಲೆ ತನ್ನ ಗ್ರಾಹಕರಿಗೆ ಮೊದಲೇ ಕೊಟ್ಟಿರುತ್ತದೆ. ಸೆಕೆಂಡುಗಳಲ್ಲಿ ಕೆಲಸ ಮುಗಿಯುವುದಕ್ಕೆ ಕಾರಣ ಇದು.

ಬ್ಯಾಂಕುಗಳ ನಡುವಿನ ನಿಜವಾದ ಲೇವಾದೇವಿ ಆಮೇಲೆ, ದಿನಕ್ಕೆ ಹಲವು ಸುತ್ತುಗಳಲ್ಲಿ ನಡೆಯುತ್ತದೆ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಒಂದು ಸುತ್ತಿನಲ್ಲಿ ನಿಮ್ಮ ಬ್ಯಾಂಕಿನ ಗ್ರಾಹಕರು ಅವರ ಬ್ಯಾಂಕಿನವರಿಗೆ ಒಟ್ಟು 40 ಲಕ್ಷ ಕಳಿಸಿದ್ದಾರೆ, ಅವರ ಕಡೆಯಿಂದ ಇತ್ತ 37 ಲಕ್ಷ ಬಂದಿದೆ. ಆಗ ರಿಸರ್ವ್ ಬ್ಯಾಂಕಿನಲ್ಲಿರುವ ಖಾತೆಗಳ ನಡುವೆ ವರ್ಗವಾಗುವುದು ಉಳಿದ 3 ಲಕ್ಷ ಅಷ್ಟೇ. ವಾಸ್ತವದಲ್ಲಿ ಎಲ್ಲ ಬ್ಯಾಂಕುಗಳ ಕೊಡು-ಕೊಳ್ಳುವಿಕೆಯನ್ನು ಒಟ್ಟಿಗೆ ಹಾಕಿ ಪ್ರತಿ ಬ್ಯಾಂಕಿಗೂ ಒಂದೇ ನಿವ್ವಳ ಮೊತ್ತ ತೆಗೆಯುತ್ತಾರೆ. ನಿಮ್ಮ 8,500 ಆ 40 ಲಕ್ಷದೊಳಗೆ ಒಂದು ಸಾಲು. ಭಾನುವಾರ, ನಡುರಾತ್ರಿ ಎನ್ನದೆ ಯುಪಿಐ ನಡೆಯುತ್ತದೆ. ಈ ಇತ್ಯರ್ಥಕ್ಕೆ ಬಳಸುವ ರಿಸರ್ವ್ ಬ್ಯಾಂಕಿನ ಆರ್‌ಟಿಜಿಎಸ್ ವ್ಯವಸ್ಥೆಯೂ 2020ರ ಡಿಸೆಂಬರ್‌ನಿಂದ ಹಗಲು-ರಾತ್ರಿ ತೆರೆದಿದೆ.

ಈಗ ನಿಮ್ಮ ಹೊಲಕ್ಕೆ ಬರೋಣ. ನಿಮ್ಮ ಬ್ಯಾಂಕ್ ‘ಕಳೆದೆ’ ಎಂದಿತು, ಮೆಸೇಜ್ ಬಂತು. ಕೇಂದ್ರ ಅವರ ಬ್ಯಾಂಕಿಗೆ ‘ಸೇರಿಸಿ’ ಎಂದಿತು. ಅತ್ತಲಿಂದ ಉತ್ತರವೇ ಬರಲಿಲ್ಲ. ಅವರ ಬ್ಯಾಂಕಿನ ಸರ್ವರ್ ಮೇಲೆ ಆ ಗಳಿಗೆಯಲ್ಲಿ ಭಾರ ಹೆಚ್ಚಿದ್ದಿರಬಹುದು, ಸಂಪರ್ಕ ಕಡಿದಿರಬಹುದು. ಕೇಂದ್ರ ಹೆಚ್ಚು ಹೊತ್ತು ಕಾಯುವುದಿಲ್ಲ, ನಿಗದಿತ ಸೆಕೆಂಡುಗಳು ಮುಗಿದರೆ ಏನಾದರೊಂದು ತೀರ್ಮಾನ ಮಾಡಲೇಬೇಕು.

‘ಉತ್ತರ ಬರದಿದ್ದರೆ ನನ್ನ ದುಡ್ಡು ನನಗೇ ವಾಪಸ್ ಹಾಕಬಹುದಿತ್ತಲ್ಲ’ ಎಂದು ಯಾರಿಗಾದರೂ ಅನ್ನಿಸುತ್ತದೆ. ಇಲ್ಲಿಯೇ ತೊಡಕಿರುವುದು. ಉತ್ತರ ಬಾರದಿದ್ದಕ್ಕೆ ಎರಡು ಅರ್ಥವಿದೆ. ಅವರ ಬ್ಯಾಂಕ್ ಹಣ ಸೇರಿಸದೆಯೇ ಇರಬಹುದು. ಇಲ್ಲವೇ ಸೇರಿಸಿ, ‘ಸೇರಿಸಿದೆ’ ಎಂಬ ಮಾತು ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಕೇಂದ್ರದಲ್ಲಿ ಕೂತು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಎರಡನೆಯದಾಗಿದ್ದು ನಿಮಗೂ ವಾಪಸ್ ಹಾಕಿಬಿಟ್ಟರೆ ಇಬ್ಬರ ಖಾತೆಯಲ್ಲೂ 8,500 ಇರುತ್ತದೆ, ಒಂದು ಬ್ಯಾಂಕಿಗೆ ಅಷ್ಟು ನಷ್ಟ. ಆದ್ದರಿಂದ ಯುಪಿಐನಲ್ಲಿ ಇಂಥ ವ್ಯವಹಾರವನ್ನು ‘ಆಯಿತು ಎಂದು ಭಾವಿಸಲಾಗಿದೆ’ ಎಂದು ದಾಖಲಿಸಿ, ಮುಂದಿನ ಇತ್ಯರ್ಥದ ಸುತ್ತಿಗೆ ಸೇರಿಸುತ್ತಾರೆ. ಹಾಗಾಗಿ ಆ ಸುತ್ತು ಮುಗಿಯುತ್ತಿದ್ದಂತೆ ನಿಮ್ಮ ಹಣ ಅವರ ಬ್ಯಾಂಕಿನ ಲೆಕ್ಕಕ್ಕೆ ಸಂದಾಯವಾಯಿತು. ಆದರೆ ಅಲ್ಲಿ ಅದಕ್ಕೆ ಯಾವ ಗ್ರಾಹಕರ ಖಾತೆಯಲ್ಲೂ ಜಮೆ ಸಾಲು ಇಲ್ಲ. ಬ್ಯಾಂಕಿನವರು ಎನ್‌ಪಿಸಿಐ ಕಳಿಸುವ ಪಟ್ಟಿಯನ್ನೂ ತಮ್ಮ ಖಾತೆ ಪುಸ್ತಕವನ್ನೂ ಸಾಲು ಸಾಲಾಗಿ ತಾಳೆ ಹಾಕುವಾಗ ಅದು ಹೆಚ್ಚುವರಿಯಾಗಿ ಎದ್ದು ಕಾಣುತ್ತದೆ. ಆಗ ಮಷಿನ್ ಮಾಲೀಕರ ಖಾತೆಗೆ ಜಮೆ ಮಾಡುತ್ತಾರೆ. ಮರುದಿನ ಮಧ್ಯಾಹ್ನ ಆದದ್ದು ಈ ಕೆಲಸ.

ತಡೆ ನಿಮ್ಮ ಬ್ಯಾಂಕಿನ ಕಡೆಯೇ ಆಗಿದ್ದರೆ ತೀರ್ಮಾನ ತಿರುಗುಮುರುಗು. ‘ಕಳೆದೆ’ ಎಂಬ ಉತ್ತರವೇ ಕೇಂದ್ರಕ್ಕೆ ಬಾರದಿದ್ದರೆ ಅದು ಆಚೆ ಬ್ಯಾಂಕಿಗೆ ‘ಸೇರಿಸಿ’ ಎಂದು ಹೇಳಿರುವುದೇ ಇಲ್ಲ. ಅಲ್ಲಿ ಗೊಂದಲಕ್ಕೆ ಜಾಗವಿಲ್ಲ, ಕಳೆದಿದ್ದರೆ ವಾಪಸ್ ಹಾಕಿ ಎಂಬ ಸಂದೇಶ ಹೋಗುತ್ತದೆ. ದುಡ್ಡು ಕಟ್ ಆಗಿ ಕೆಲವೊಮ್ಮೆ ನಿಮಿಷಗಳಲ್ಲೇ ಮರಳಿ ಬರುವುದು ಹೀಗೆ.

ಮುಂದೊಮ್ಮೆ ಹೀಗಾದರೆ ಮೊದಲು ಆ್ಯಪ್‌ನಲ್ಲಿ ಆ ವ್ಯವಹಾರ ತೆರೆದು 12 ಅಂಕಿಯ ಯುಟಿಆರ್ ಸಂಖ್ಯೆ ಬರೆದುಕೊಳ್ಳಿ. ಎರಡೂ ಬ್ಯಾಂಕುಗಳು ಆ ಸಾಲನ್ನು ಹುಡುಕುವುದು ಈ ಸಂಖ್ಯೆಯಿಂದ. ‘ವಿಫಲ’ ಎಂದಿದ್ದು ಹಣ ನಿಮ್ಮ ಖಾತೆಗೆ ಮರಳಿದ್ದರೆ ಮಾತ್ರ ಮತ್ತೆ ಹಾಕಿ. ‘ಪ್ರಗತಿಯಲ್ಲಿದೆ’ ಎಂದಿದ್ದರೆ ಕಾಯಿರಿ. ‘ಯಶಸ್ವಿ’ ಎಂದಿದ್ದೂ ಹಣ ಮುಟ್ಟಿಲ್ಲವಾದರೆ, ಪಡೆಯಬೇಕಾದವರು ಯುಟಿಆರ್ ಹಿಡಿದು ತಮ್ಮ ಬ್ಯಾಂಕನ್ನು ಕೇಳಲಿ. ಬಹಳ ಮಂದಿ ಕಳಿಸಿದವರ ಬ್ಯಾಂಕಿಗೆ ಅಲೆಯುತ್ತಾರೆ, ಹಣ ಮಾತ್ರ ಆಗಲೇ ಆ ಬ್ಯಾಂಕ್ ಬಿಟ್ಟಿರುತ್ತದೆ. ಇನ್ನೊಂದು ಮಾತು ಮಷಿನ್ ಮಾಲೀಕರಿಗೆ: ಕೊಟ್ಟವರ ಫೋನಿನ ಹಸಿರು ಗುರುತು ನೋಡಿ ಹೊರಡಬೇಡಿ, ನಿಮ್ಮ ಖಾತೆಯ ಬಾಕಿ ನೋಡಿ.

ಗಡುವೂ ಇದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣ ಕಟ್ ಆಗಿ ಅತ್ತ ಜಮೆಯಾಗದಿದ್ದರೆ ಮರುದಿನದೊಳಗೆ ಸರಿಪಡಿಸಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ, ಅದೂ ನೀವು ದೂರು ಕೊಡಲಿ ಬಿಡಲಿ. ಅಂಗಡಿಗೆ ಕೊಟ್ಟ ಹಣವಾದರೆ ಗಡುವು ಐದು ದಿನ. ನಿಮ್ಮದು ಮರುದಿನ ಮಧ್ಯಾಹ್ನವೇ ಮುಟ್ಟಿದ್ದರಿಂದ ಗಡುವಿನೊಳಗಿದೆ, ಪರಿಹಾರ ಬರುವುದಿಲ್ಲ. ಇದನ್ನು ದಾಟಿದರೆ ಆ್ಯಪ್‌ನಲ್ಲಿ ಮತ್ತು ಬ್ಯಾಂಕಿನಲ್ಲಿ ಲಿಖಿತ ದೂರು ಕೊಟ್ಟು ತಾರೀಖು ಇಟ್ಟುಕೊಳ್ಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಬ್ಯಾಂಕಿಗೆ ಕೊಟ್ಟ ದೂರಿನ ಪ್ರತಿ ಅಲ್ಲಿ ಬೇಕಾಗುತ್ತದೆ.