ನಾಲ್ವರಿಗೆ ರಿಕ್ವೆಸ್ಟ್ ಹೋಯಿತು, ಐದನೆಯವರು ಎಲ್ಲಿ?

ಪ್ರಶ್ನೆ: ನಾವು ಐವರು ಗೆಳೆಯರು ಹೋಟೆಲಿಗೆ ಊಟಕ್ಕೆ ಹೋಗಿದ್ದೆವು. ಬಿಲ್ 4,300 ಆಯಿತು, ನಾನೇ ಕಟ್ಟಿದೆ. ಮನೆಗೆ ಬಂದು ಪೇಮೆಂಟ್ ಆ್ಯಪ್‌ನಲ್ಲಿ ನಾಲ್ವರನ್ನೂ ಆರಿಸಿ, ಬಿಲ್ ಸಮನಾಗಿ ಹಂಚಿ ರಿಕ್ವೆಸ್ಟ್ ಕಳಿಸಿದೆ. ಒಬ್ಬಳು "ನಾನು ತಿಂದಿದ್ದೇ ಕಡಿಮೆ, ನನಗ್ಯಾಕೆ 1,075?" ಎಂದು ಮುನಿಸಿಕೊಂಡಿದ್ದಾಳೆ. ಒಬ್ಬ ಅವತ್ತೇ ದುಡ್ಡು ಕಳಿಸಿದ್ದ, ಎರಡು ದಿನ ಬಿಟ್ಟು ಮತ್ತೊಮ್ಮೆ ಅಷ್ಟೇ ದುಡ್ಡು ಬಂತು. ಉಳಿದಿಬ್ಬರು ಇನ್ನೂ ಕೊಟ್ಟಿಲ್ಲ. ನಾನು ತಪ್ಪಿದ್ದೆಲ್ಲಿ? ಯಾರು ಏನು ತಿಂದರು ಅಂತ ಬರೆದು ಬಿಲ್ಲಿನ ಫೋಟೊ ಕಳಿಸಿದ್ದೇನೆ.

ಉತ್ತರ: 1,075 ಅನ್ನೋ ಅಂಕಿ ನೋಡಿದ ಕೂಡಲೇ ಅರ್ಧ ಉತ್ತರ ಸಿಕ್ಕಿತು. 4,300ನ್ನು ಐದರಿಂದ ಭಾಗಿಸಿದರೆ 860 ಬರಬೇಕು. 1,075 ಬರುವುದು ನಾಲ್ಕರಿಂದ ಭಾಗಿಸಿದಾಗ. ಅಂದರೆ ಆ್ಯಪ್ ನಿಮ್ಮನ್ನು ಲೆಕ್ಕಕ್ಕೇ ಹಿಡಿದಿಲ್ಲ. ನಾಲ್ವರೂ ಕಟ್ಟಿದ್ದರೆ ನಿಮ್ಮ 4,300 ಪೂರ್ತಿ ವಾಪಸ್ ಬಂದು, ನಿಮ್ಮ ಊಟ ಬಿಟ್ಟಿ ಆಗುತ್ತಿತ್ತು! ನೀವು ಬೇಕಂತ ಮಾಡಿದ್ದಲ್ಲ, ಗೊತ್ತು. ಬಿಲ್ ಹಂಚುವ ಪರದೆಯಲ್ಲಿ ಕೆಲವು ಆ್ಯಪ್‌ಗಳು ನಿಮ್ಮನ್ನು ತಾವೇ ಸೇರಿಸಿಕೊಳ್ಳುತ್ತವೆ. ಕೆಲವು ಸೇರಿಸುವುದಿಲ್ಲ, ಪಟ್ಟಿಯಲ್ಲಿ ನಿಮ್ಮ ಹೆಸರನ್ನೂ ನೀವೇ ಒತ್ತಬೇಕು. ಇನ್ನು ಕೆಲವದರಲ್ಲಿ ಹಂಚುವ ಸೌಲಭ್ಯವೇ ಇರುವುದಿಲ್ಲ, ಒಬ್ಬೊಬ್ಬರಿಗೂ ಬೇರೆ ಬೇರೆ ರಿಕ್ವೆಸ್ಟ್ ಹಾಕಬೇಕು. ಯಾವುದೇ ಆ್ಯಪ್ ಇರಲಿ, ಕಳಿಸುವ ಗುಂಡಿ ಒತ್ತುವ ಮೊದಲು ಒಂದು ಕೂಡುವ ಲೆಕ್ಕ ಮಾಡಿ: ಎಲ್ಲ ರಿಕ್ವೆಸ್ಟ್‌ಗಳ ಮೊತ್ತಕ್ಕೆ ನಿಮ್ಮ ಪಾಲು ಸೇರಿಸಿದರೆ ಬಿಲ್ ಮೊತ್ತ ಬರಬೇಕು. ರಿಕ್ವೆಸ್ಟ್‌ಗಳ ಮೊತ್ತವೇ ಬಿಲ್ಲಿನಷ್ಟಿದ್ದರೆ ನೀವು ಹೊರಗೆ ಉಳಿದಿದ್ದೀರಿ.

ಈಗ ನಿಮ್ಮ ಗೆಳತಿಯ ಮುನಿಸಿನ ವಿಷಯ. ಎಲ್ಲರೂ ಹೆಚ್ಚೂಕಡಿಮೆ ಒಂದೇ ಥರ ತಿಂದಿದ್ದರೆ ಸಮಪಾಲು ಮಾಡಿ ಮುಗಿಸಿ. ಚಿಲ್ಲರೆ ಲೆಕ್ಕಕ್ಕೆ ಕೂತರೆ ಊಟದ ರುಚಿಯೇ ಹೋಗುತ್ತದೆ. ಆದರೆ ನಿಮ್ಮ ಬಿಲ್ ಹಾಗಿಲ್ಲ. ಮೇಜಿನ ಮಧ್ಯೆ ಇಟ್ಟುಕೊಂಡು ಐವರೂ ತಿಂದದ್ದು 2,000. ತಲೆಗೆ 400 ಆಯಿತು. ಅದರ ಮೇಲೆ ಒಬ್ಬೊಬ್ಬರೂ ತಮಗೆ ಅಂತ ತರಿಸಿಕೊಂಡದ್ದು ಇದೆ. ಒಬ್ಬನದು 900. ಎರಡು ಸಲ ದುಡ್ಡು ಕಳಿಸಿದ ಗೆಳೆಯನದು 700. ನಿಮ್ಮದು 300. ಇನ್ನೊಬ್ಬನದು 100. ಮುನಿಸಿಕೊಂಡವಳು ಬೇರೇನೂ ತರಿಸಿಕೊಂಡೇ ಇಲ್ಲ. ಹಂಚಿ ತಿಂದ 400 ಎಲ್ಲರಿಗೂ ಸೇರಿಸಿದರೆ ಇದೇ ಕ್ರಮದಲ್ಲಿ 1,300, 1,100, 700, 500, 400. ಒಟ್ಟು 4,000.

ಬಿಲ್ ಮಾತ್ರ 4,300. ಮೇಲಿನ 300 ಎಲ್ಲಿಂದ ಬಂತು ಅಂದರೆ, ತೆರಿಗೆ 200, ಸರ್ವಿಸ್ ಚಾರ್ಜ್ 200, ಕೂಪನ್‌ನಿಂದ 100 ಕಡಿತ. ಬಹಳ ಜನ ಎಡವುವುದು ಇಲ್ಲೇ. ಈ 300ನ್ನು ತಲೆಗೆ 60 ಅಂತ ಹಂಚಿಬಿಡುತ್ತಾರೆ. ಆದರೆ ತೆರಿಗೆಯೂ ಸರ್ವಿಸ್ ಚಾರ್ಜೂ ತಿಂದ ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿ ಬೀಳುತ್ತವೆ, ತಲೆ ಎಣಿಸಿ ಅಲ್ಲ. ಜಾಸ್ತಿ ತಿಂದವರು ಜಾಸ್ತಿ ತೆರಿಗೆ ಹೊರಬೇಕು, ಅಲ್ವಾ? ಅದಕ್ಕೆ ಸುಲಭದ ದಾರಿ ಒಂದಿದೆ. ಕಟ್ಟಿದ ಮೊತ್ತವನ್ನು ಪದಾರ್ಥಗಳ ಮೊತ್ತದಿಂದ ಭಾಗಿಸಿ. 4,300 ಭಾಗಿಸು 4,000 ಅಂದರೆ 1.075. ಪ್ರತಿಯೊಬ್ಬರ ಅಂಕಿಯನ್ನೂ ಇದರಿಂದ ಗುಣಿಸಿ. ತೆರಿಗೆ, ಸರ್ವಿಸ್ ಚಾರ್ಜ್, ಕೂಪನ್ ಎಲ್ಲವೂ ಒಂದೇ ಏಟಿಗೆ ಅವರವರ ಪಾಲಿಗೆ ಸೇರಿಕೊಳ್ಳುತ್ತವೆ.

ಬರುವುದು ಇಷ್ಟು: 1,397.50, 1,182.50, ನಿಮ್ಮದು 752.50, ನಂತರ 537.50, ಕೊನೆಗೆ ನಿಮ್ಮ ಗೆಳತಿಯದು 430. ಕೂಡಿದರೆ ಸರಿಯಾಗಿ 4,300. ಅವಳು ಕೊಡಬೇಕಾದದ್ದು 430, ನೀವು ಕೇಳಿದ್ದು 1,075. ಎರಡೂವರೆ ಪಟ್ಟು! ನಾನಾಗಿದ್ದರೂ ಮುನಿಸಿಕೊಳ್ಳುತ್ತಿದ್ದೆ. ನೀವು ಕಳಿಸಬೇಕಿದ್ದ ನಾಲ್ಕು ರಿಕ್ವೆಸ್ಟ್‌ಗಳ ಮೊತ್ತ 3,547.50, ಉಳಿದ 752.50 ನಿಮ್ಮದೇ ಖರ್ಚು. ಈ ಅರ್ಧರ್ಧ ಚಿಲ್ಲರೆ ಬೇಡ ಅನ್ನಿಸಿದರೆ ಕೆಳಗಿನ ಪೂರ್ಣ ಅಂಕಿಗೆ ಇಳಿಸಿ. ಮೂರು ಅರ್ಧ ಸೇರಿ ಒಂದೂವರೆ ನಿಮ್ಮ ತಲೆಗೆ ಬರುತ್ತದೆ, ಅಷ್ಟೇ. ಮೇಲಕ್ಕೆ ಏರಿಸಬೇಡಿ. ದುಡ್ಡು ಕೇಳುವವರು ಲಾಭ ಮಾಡಿಕೊಂಡಂತೆ ಕಾಣಬಾರದು.

ಈ ಗುಣಿಸುವ ಉಪಾಯಕ್ಕೆ ಒಂದು ಮಿತಿ ಇದೆ. ಬಿಲ್ಲಿನಲ್ಲಿ ಎಲ್ಲದಕ್ಕೂ ಒಂದೇ ದರದ ತೆರಿಗೆ ಇದ್ದರೆ ಮಾತ್ರ ಇದು ಕರಾರುವಾಕ್ಕು. ಕೆಲವು ಪದಾರ್ಥಕ್ಕೆ ಒಂದು ದರ, ಪಾನೀಯಕ್ಕೆ ಇನ್ನೊಂದು ದರ ಇದ್ದರೆ ಆ ಎರಡು ಗುಂಪಿಗೂ ಬೇರೆ ಬೇರೆ ಗುಣಿಸಬೇಕು. ಇಲ್ಲದಿದ್ದರೆ ಪಾನೀಯ ಮುಟ್ಟದವರೂ ಅದರ ತೆರಿಗೆ ಕಟ್ಟುತ್ತಾರೆ. ನಿಮ್ಮ ಬಿಲ್ಲಿನಲ್ಲಿ ಒಂದೇ ದರ ಇದೆ, ಚಿಂತೆ ಇಲ್ಲ.

ಇನ್ನು ಎರಡು ಸಲ ಬಂದ ದುಡ್ಡು. ಇದು ಆ್ಯಪ್ ಕೆಟ್ಟು ಆಗಿದ್ದಲ್ಲ. ಪೇಮೆಂಟ್ ರಿಕ್ವೆಸ್ಟ್ ಅಂದರೆ ದುಡ್ಡು ಎಳೆದುಕೊಳ್ಳುವ ಕೊಕ್ಕೆ ಅಂದುಕೊಂಡವರಿದ್ದಾರೆ. ಅದು ಬರೀ ಒಂದು ಚೀಟಿ. "ಇಷ್ಟು ಕೊಡು" ಅಂತ ಬರೆದು ಗೆಳೆಯನ ಮೇಜಿನ ಮೇಲೆ ಇಟ್ಟ ಹಾಗೆ. ಅವನು ಒಪ್ಪಿ, ತನ್ನ ಪಿನ್ನೋ ಬೆರಳಚ್ಚೋ ಕೊಟ್ಟರೆ ಮಾತ್ರ ದುಡ್ಡು ಹೊರಡುತ್ತದೆ. ಆ ಚೀಟಿಗೆ ಅದರದ್ದೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ಗೆಳೆಯ ಚೀಟಿಯ ಮೇಲಿನ "ಕಟ್ಟು" ಗುಂಡಿ ಒತ್ತಿ ಕಟ್ಟಿದರೆ ಚೀಟಿ ಮುಗಿಯುತ್ತದೆ. ಅದು ಬಿಟ್ಟು, ನಿಮ್ಮ ಹೆಸರು ಹುಡುಕಿ ಅಥವಾ ಕೋಡ್ ಸ್ಕ್ಯಾನ್ ಮಾಡಿ ನೇರವಾಗಿ ಕಳಿಸಿದರೆ ಅದು ಬೇರೆಯೇ ವಹಿವಾಟು. ಮೊತ್ತ ಒಂದೇ ಇದ್ದರೂ ಎರಡಕ್ಕೂ ಸಂಬಂಧ ಇದೆ ಅಂತ ಆ್ಯಪ್ ಸಾಮಾನ್ಯವಾಗಿ ಊಹಿಸುವುದಿಲ್ಲ. ಚೀಟಿ ಅಲ್ಲೇ ಪೆಂಡಿಂಗ್ ಕೂತಿರುತ್ತದೆ. ಒಂದೆರಡು ದಿನ ಬಿಟ್ಟು ಕೆಲವು ಆ್ಯಪ್‌ಗಳು ತಾವಾಗಿಯೇ ಜ್ಞಾಪನೆ ಕಳಿಸುತ್ತವೆ. ನಿಮ್ಮ ಗೆಳೆಯ ಆ ಜ್ಞಾಪನೆ ನೋಡಿ, "ಅಯ್ಯೋ, ಮರೆತೇಬಿಟ್ಟೆ" ಅಂತ ಮತ್ತೆ ಕಟ್ಟಿರಬಹುದು. ಪಾಪ, ಪ್ರಾಮಾಣಿಕ ಮನುಷ್ಯ.

ಹೀಗೇ ಆಗಿದೆಯಾ ಅಂತ ತಿಳಿಯುವುದು ಸುಲಭ. ವಹಿವಾಟಿನ ಪಟ್ಟಿ ತೆರೆದು ಅವನ ಹೆಸರು ಒತ್ತಿ. ಮೊದಲನೇ ದಿನದ ಸಾಲಿನಲ್ಲಿ ದುಡ್ಡು ಬಂದದ್ದು ಮಾತ್ರ ಇರುತ್ತದೆ, ನೀವು ರಿಕ್ವೆಸ್ಟ್‌ನಲ್ಲಿ ಬರೆದ ಟಿಪ್ಪಣಿ ಇರುವುದಿಲ್ಲ. ಎರಡನೆಯ ಪಾವತಿ ರಿಕ್ವೆಸ್ಟ್ ಜೊತೆಗೇ ಅಂಟಿಕೊಂಡು, "ಪಾವತಿಯಾಗಿದೆ" ಅಂತ ಕಾಣುತ್ತದೆ.

ಹಾಗಾಗಿ ಯಾರಾದರೂ ನೇರವಾಗಿ ಕಳಿಸಿದರೆ, ಥ್ಯಾಂಕ್ಸ್ ಹೇಳುವ ಮೊದಲು ಅವರ ರಿಕ್ವೆಸ್ಟ್ ತೆರೆದು ಕ್ಯಾನ್ಸಲ್ ಮಾಡಿ. ಅದು ಪೆಂಡಿಂಗ್ ಇರುವವರೆಗೆ ಮಾತ್ರ ನಿಮ್ಮ ಕೈಯಲ್ಲಿ ಇರುತ್ತದೆ. ಕಟ್ಟಿಯಾದ ಮೇಲೆ ಕ್ಯಾನ್ಸಲ್ ಮಾಡಲು ಬರುವುದಿಲ್ಲ, ದುಡ್ಡು ಹಿಂದಕ್ಕೆ ಕಳಿಸಬೇಕಷ್ಟೇ. ಆ ಕಡೆಯವರೂ ರಿಕ್ವೆಸ್ಟ್ ತಿರಸ್ಕರಿಸಿ ಮುಗಿಸಬಹುದು. ಆದರೆ ಗೆಳೆಯರ ನಡುವೆ ತಿರಸ್ಕರಿಸುವ ಗುಂಡಿ ಒತ್ತಲು ಮುಜುಗರ. ಕಳಿಸಿದವರೇ ತೆಗೆದರೆ ಚೆನ್ನ.

ನನಗೆ ಆದದ್ದು ಇನ್ನೊಂದು ಬಗೆ. ಫೋನಿನಲ್ಲಿ ಒಬ್ಬ ಗೆಳೆಯನ ಎರಡು ನಂಬರ್ ಇದ್ದವು. ರಿಕ್ವೆಸ್ಟ್ ಹೋದದ್ದು ಅವನು ಬಿಟ್ಟು ವರ್ಷಗಳಾಗಿದ್ದ ಹಳೇ ನಂಬರಿಗೆ. ಆ ನಂಬರ್ ಈಗ ಬೇರೆ ಯಾರದ್ದೋ. ವಾರವಿಡೀ ನಾನು "ಕೊಡಲಿಲ್ಲವಲ್ಲ" ಅಂತ ಒಳಗೊಳಗೇ ಗೊಣಗುತ್ತಿದ್ದೆ, ಅವನಿಗೆ ವಿಷಯವೇ ಗೊತ್ತಿಲ್ಲ. ಆ ಅಪರಿಚಿತರು ಕಟ್ಟಲಿಲ್ಲ, ಸದ್ಯ. ಉಳಿದಿಬ್ಬರು ಇನ್ನೂ ಕೊಟ್ಟಿಲ್ಲ ಅಂದಿರಲ್ಲ, ಬೇಜಾರಾಗುವ ಮೊದಲು ರಿಕ್ವೆಸ್ಟ್ ಯಾವ ನಂಬರಿಗೆ ಹೋಗಿದೆ, ಅದರ ಅವಧಿ ಮುಗಿದಿದೆಯಾ ಅಂತ ನೋಡಿ. ಇಷ್ಟು ದಿನ ಅಥವಾ ಇಷ್ಟು ಗಂಟೆ ಕಳೆದ ಮೇಲೆ ತಾನೇ ರದ್ದಾಗುವ ರಿಕ್ವೆಸ್ಟ್‌ಗಳೂ ಇವೆ. ಆಮೇಲೆ ಕಟ್ಟಬೇಕೆಂದರೂ ಅವರಿಗೆ ಗುಂಡಿ ಸಿಗುವುದಿಲ್ಲ.

ಇನ್ನೊಂದು ಮಾತು. ರಿಕ್ವೆಸ್ಟ್ ಕಳಿಸುವ ಮೊದಲು ಗುಂಪಿನಲ್ಲಿ ಬಿಲ್ಲಿನ ಫೋಟೊ ಹಾಕಿ, "ಇಂಥವರಿಗೆ ಇಷ್ಟು" ಅಂತ ಬರೆಯಿರಿ. ಲೆಕ್ಕದ ಜಗಳ ಅಲ್ಲೇ ತೀರುತ್ತದೆ. ಅದರ ಜೊತೆಗೆ, ಸುಳ್ಳು ರಿಕ್ವೆಸ್ಟ್ ಕಳಿಸಿ ದುಡ್ಡು ಹೊಡೆಯುವವರು ಇರುವುದರಿಂದ ಬಹಳ ಜನ ಗೊತ್ತಿಲ್ಲದ ಹೊತ್ತಿನಲ್ಲಿ ಬಂದ ರಿಕ್ವೆಸ್ಟ್ ಮುಟ್ಟುವುದಿಲ್ಲ. ಮುಟ್ಟದಿರುವುದೇ ಸರಿ. ಈ ಮೋಸದ ಕಾರಣಕ್ಕೇ ವ್ಯಕ್ತಿಯಿಂದ ವ್ಯಕ್ತಿಗೆ ದುಡ್ಡು ಕೇಳುವ ರಿಕ್ವೆಸ್ಟನ್ನು ಪೂರ್ತಿ ನಿಲ್ಲಿಸಿದ ವ್ಯವಸ್ಥೆಗಳೂ ಇವೆ. ಯುಪಿಐನಲ್ಲಿ 2025ರ ಅಕ್ಟೋಬರ್ 1ರಿಂದ ಅದು ನಿಂತಿದೆ. ಅಂಥ ಕಡೆ ಇದೇ ಲೆಕ್ಕ ಮಾಡಿ, ಗುಂಪಿನಲ್ಲಿ ಅಂಕಿ ಹಾಕಿ, ಅವರೇ ಕಳಿಸಲಿ ಅಂತ ಕಾಯಬೇಕು. ಪೆಂಡಿಂಗ್ ಚೀಟಿಯ ಕಾಟವೂ ಅಲ್ಲಿ ಇರುವುದಿಲ್ಲ.

ಈಗ ನೀವು ಮಾಡಬೇಕಾದದ್ದು. ಇನ್ನೂ ಕಟ್ಟದ ಮೂವರ 1,075ರ ರಿಕ್ವೆಸ್ಟ್‌ಗಳನ್ನು ಮೊದಲು ಕ್ಯಾನ್ಸಲ್ ಮಾಡಿ. ಹೊಸದು ಕಳಿಸಿ ಹಳೆಯದನ್ನು ಬಿಟ್ಟರೆ ಮತ್ತೆ ಯಾರಾದರೂ ಎರಡು ಸಲ ಕಟ್ಟುತ್ತಾರೆ. ಆಮೇಲೆ 1,397, 537 ಮತ್ತು 430ಕ್ಕೆ ಹೊಸ ರಿಕ್ವೆಸ್ಟ್ ಹಾಕಿ. ಎರಡು ಸಲ ಕಟ್ಟಿದ ಗೆಳೆಯನಿಗೆ 1,075 ವಾಪಸ್ ಕಳಿಸಲು ಹೊರಟಿದ್ದೀರೇನೋ. ಸ್ವಲ್ಪ ತಡೆಯಿರಿ. ಅವನಿಂದ ಬಂದದ್ದು 2,150, ಅವನ ನಿಜವಾದ ಪಾಲು 1,182. ಹಿಂದಿರುಗಿಸಬೇಕಾದದ್ದು 968. ಕಳಿಸುವಾಗ ಟಿಪ್ಪಣಿಯಲ್ಲಿ ಈ ಲೆಕ್ಕ ಬರೆಯಿರಿ. ಇಲ್ಲದಿದ್ದರೆ ಅವನು ಅದನ್ನೂ ತಪ್ಪಿ ಬಂದ ದುಡ್ಡು ಅಂದುಕೊಂಡು ನಿಮಗೇ ವಾಪಸ್ ಕಳಿಸಿಯಾನು.