ಫೆಬ್ರವರಿಯಲ್ಲಿ ಶೇ 300 ಜಾಸ್ತಿ ಮಳೆ, ಆದರೂ ವರ್ಷಕ್ಕೆ ಕೊರತೆ ಹೇಗೆ?

ಪ್ರಶ್ನೆ: ನಾನು ದಿನವೂ ಮಳೆ, ತಾಪಮಾನ ಬರೆದಿಡುತ್ತೇನೆ. ಕಳೆದ ವರ್ಷ ಫೆಬ್ರವರಿಯಲ್ಲಿ ವಾಡಿಕೆ 5 ಮಿ.ಮೀ., ಬಿದ್ದದ್ದು 20. ಜುಲೈಯಲ್ಲಿ ವಾಡಿಕೆ 200, ಬಿದ್ದದ್ದು 150. ಉಳಿದ ತಿಂಗಳೆಲ್ಲ ವಾಡಿಕೆಯಷ್ಟೇ. 12 ತಿಂಗಳ ಶೇಕಡಾ ಲೆಕ್ಕದ ಸರಾಸರಿ ತೆಗೆದರೆ ವರ್ಷಕ್ಕೆ ಸುಮಾರು ಶೇ 23 ಹೆಚ್ಚು ಮಳೆ ಅಂತ ಬರುತ್ತದೆ. ಒಟ್ಟು ಮಳೆ ಮಾತ್ರ 800ರ ಬದಲು 765. ಯಾವುದನ್ನು ನಂಬಲಿ? ತಾಪಮಾನಕ್ಕೂ ಶೇಕಡಾ ಹಾಕಬಹುದಾ?

ಉತ್ತರ: ಒಟ್ಟು ಮಳೆಯನ್ನೇ ನಂಬಿ. ಫೆಬ್ರವರಿಯಲ್ಲಿ ಹೆಚ್ಚಾಗಿ ಬಿದ್ದದ್ದು ಬರೀ 15 ಮಿ.ಮೀ. ಜುಲೈಯಲ್ಲಿ ತಪ್ಪಿಹೋದದ್ದು 50. ಎರಡನ್ನೂ ಸೇರಿಸಿದರೆ 35 ಮಿ.ಮೀ. ಕೊರತೆ, ಅಂದರೆ 800ಕ್ಕೆ ಶೇ 4ರಷ್ಟು ಕಡಿಮೆ. ಶೇಕಡಾಗಳ ಸರಾಸರಿ ತೆಗೆದಾಗ 5 ಮಿ.ಮೀ. ವಾಡಿಕೆಯ ತಿಂಗಳಿಗೂ 200 ಮಿ.ಮೀ. ವಾಡಿಕೆಯ ತಿಂಗಳಿಗೂ ಒಂದೇ ತೂಕ ಕೊಟ್ಟಂತಾಗುತ್ತದೆ. ಎಡವಟ್ಟಾಗುವುದು ಅಲ್ಲೇ. ಮಳೆಯನ್ನು ಮೊದಲು ಮಿ.ಮೀ.ನಲ್ಲಿ ಕೂಡಿ. ವಾಡಿಕೆಯನ್ನೂ ಹಾಗೇ ಕೂಡಿ. ಶೇಕಡಾ ಕೊನೆಗೆ ಒಂದೇ ಸಲ ತೆಗೆಯಿರಿ.

ಒಣ ತಿಂಗಳಿನಲ್ಲಿ ಇನ್ನೊಂದು ತೊಡಕಿದೆ. ಫೆಬ್ರವರಿಯ ವಾಡಿಕೆ 5 ಮಿ.ಮೀ. ಅಂದರೆ ಪ್ರತಿ ವರ್ಷ 5 ಬೀಳುತ್ತದೆ ಅಂತಲ್ಲ. 30 ವರ್ಷಗಳಲ್ಲಿ 25 ವರ್ಷ ಒಂದು ಹನಿಯೂ ಬೀಳದೆ, 5 ವರ್ಷ ತಲಾ 30 ಮಿ.ಮೀ. ಬಿದ್ದರೂ ಸರಾಸರಿ 5 ಬರುತ್ತದೆ. ಆಗ 25 ವರ್ಷವೂ 'ಶೇ 100 ಕೊರತೆ' ಅಂತ ಬರೆಯಬೇಕಾಗುತ್ತದೆ. ಆ ಊರಿಗೆ ಅದೇ ಮಾಮೂಲು, ಅಲ್ವಾ? ಇಂಥ ತಿಂಗಳಿಗೆ ನಾನಾದರೆ ಶೇಕಡಾ ಬಿಟ್ಟು, 30 ವರ್ಷದ ಫೆಬ್ರವರಿ ಮಳೆಯನ್ನು ಏರಿಕೆ ಕ್ರಮದಲ್ಲಿ ಜೋಡಿಸಿ, ಈ ವರ್ಷದ್ದು ಎಷ್ಟನೆಯದು ಅಂತ ನೋಡುತ್ತೇನೆ.

ತಾಪಮಾನಕ್ಕೆ ಶೇಕಡಾ ಬೇಡವೇ ಬೇಡ. 20 ಡಿಗ್ರಿ ಸೆಲ್ಸಿಯಸ್ 22 ಆದರೆ ಶೇ 10 ಏರಿಕೆ ಅನ್ನುತ್ತೀರಿ. ಅದೇ ಏರಿಕೆ ಫ್ಯಾರನ್‌ಹೀಟ್‌ನಲ್ಲಿ 68ರಿಂದ 71.6, ಅಂದರೆ ಶೇ 5ರಷ್ಟು ಮಾತ್ರ. ಸೆಲ್ಸಿಯಸ್ಸಿನ ಸೊನ್ನೆ ನೀರು ಹೆಪ್ಪುಗಟ್ಟುವ ಮಟ್ಟ, 'ಶಾಖವೇ ಇಲ್ಲ' ಅನ್ನುವ ಮಟ್ಟವಲ್ಲ. ಹಾಗಾಗಿ ಡಿಗ್ರಿಯಲ್ಲಿ ಕಳೆದು, '2 ಡಿಗ್ರಿ ಹೆಚ್ಚು' ಅಂತ ಬರೆದರೆ ಸಾಕು. ಗರಿಷ್ಠ, ಕನಿಷ್ಠ ಎರಡಕ್ಕೂ ಬೇರೆ ಬೇರೆ ವ್ಯತ್ಯಾಸ ಇಡಿ. ಮೋಡ ಮುಸುಕಿದ ತಿಂಗಳಲ್ಲಿ ಹಗಲು ತಂಪಾಗಿ, ರಾತ್ರಿ ಬೆಚ್ಚಗಿರುತ್ತದೆ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಏನೂ ಬದಲಾಗಿಲ್ಲ ಅನ್ನಿಸಿಬಿಡುತ್ತದೆ.

ಮಳೆಯಲ್ಲಿ ಮಾಡಬಾರದು ಅಂದ ಕೆಲಸ ಇಲ್ಲಿ ಸರಿ. ತಿಂಗಳ ವ್ಯತ್ಯಾಸಗಳ ಸರಾಸರಿಯೇ ವರ್ಷದ ವ್ಯತ್ಯಾಸ ಅಂದುಕೊಳ್ಳಬಹುದು. ಅದರಿಂದ ಒಂದು ಅನುಕೂಲವೂ ಇದೆ. ಅತಿ ಚಳಿಯ ತಿಂಗಳಿನ ದಾಖಲೆ ಕಳೆದುಹೋಗಿದ್ದರೆ, ಉಳಿದ 11 ತಿಂಗಳ ತಾಪಮಾನದ ಸರಾಸರಿ ಸುಮ್ನೆ ಮೇಲೇರಿ, ಆ ವರ್ಷ ಬಿಸಿ ವರ್ಷ ಅಂತ ಕಾಣುತ್ತದೆ. ವ್ಯತ್ಯಾಸಗಳ ಸರಾಸರಿ ತೆಗೆದರೆ ಆ ಮೋಸ ಬಹುಪಾಲು ತಪ್ಪುತ್ತದೆ.

ಇನ್ನು ನಿಮ್ಮ ಜುಲೈ ಕೊರತೆಯ ಬಗ್ಗೆ ನನಗೊಂದು ಅನುಮಾನ. ಅದು ನಿಜವಾಗಿ ಮಳೆ ಇಲ್ಲದ್ದರಿಂದಲೋ, ಓದದೇ ಬಿಟ್ಟ ದಿನಗಳಿಂದಲೋ? ಬಿಟ್ಟ ದಿನದ ಮಳೆ ಸೊನ್ನೆ ಅಲ್ಲ. ಆದರೆ ಸ್ಪ್ರೆಡ್‌ಶೀಟ್‌ನ ಮೊತ್ತದಲ್ಲಿ ಖಾಲಿ ಜಾಗವೂ ಸೊನ್ನೆಯಂತೆಯೇ ಸೇರಿಹೋಗುತ್ತದೆ. ಜೋರು ಮಳೆಯ ಒಂದೇ ದಿನ ತಪ್ಪಿದರೂ 50 ಮಿ.ಮೀ. ಮಾಯವಾಗಬಹುದು. ಮಳೆ ಬೀಳದ ದಿನ 0 ಬರೆಯಿರಿ, ಓದದ ದಿನ ಖಾಲಿ ಬಿಡಿ. ಆಮೇಲೆ 31 ದಿನವೂ ತುಂಬಿದ್ದರೆ ಮಾತ್ರ ಮೊತ್ತ ಬರುವಂತೆ ಹೀಗೆ ಹಾಕಿ:

```
=IF(COUNT(B2:B32)=31,SUM(B2:B32),"")
```

ಎರಡು ಮೂರು ದಿನದ ನೀರು ಮಾಪಕದಲ್ಲೇ ಉಳಿದಿದ್ದು ಒಟ್ಟಿಗೆ ಅಳೆದಿದ್ದರೆ, ತಿಂಗಳ ಮೊತ್ತಕ್ಕೆ ಅದು ನಡೆಯುತ್ತದೆ. ಆ ದಿನಗಳ ಮಧ್ಯೆ ತಿಂಗಳು ಬದಲಾಗಿರಬಾರದು ಅಷ್ಟೇ. ಮಾಪಕ ತುಂಬಿ ಹೊರಚೆಲ್ಲಿರಲೂಬಾರದು. ಇಂಥ ಕಡೆ ಮೊದಲ ದಿನಗಳಿಗೆ 0 ಹಾಕಿ, ಪಕ್ಕದಲ್ಲೇ 'ಒಟ್ಟಿಗೆ ಅಳೆದದ್ದು' ಅಂತ ಗುರುತು ಮಾಡಿ. ತಾಪಮಾನಕ್ಕೆ ನಿಯಮ ಸ್ವಲ್ಪ ಸಡಿಲ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ ತಿಂಗಳಲ್ಲಿ 11 ದಿನ ಅಥವಾ ಹೆಚ್ಚು ತಪ್ಪಿದ್ದರೆ, ಇಲ್ಲವೇ ಸತತ 5 ದಿನ ತಪ್ಪಿದ್ದರೆ ಆ ತಿಂಗಳ ಸರಾಸರಿ ತೆಗೆಯಬಾರದು.

ಕೊನೆಗೆ ನಿಮ್ಮ 'ವಾಡಿಕೆ' ಯಾವ ವರ್ಷಗಳದ್ದು ಅಂತ ಒಮ್ಮೆ ನೋಡಿ. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಲ್ಲಿ ಈಗ ಚಾಲ್ತಿಯಲ್ಲಿರುವುದು 1991ರಿಂದ 2020ರ ಸರಾಸರಿ. ಹವಾಮಾನ ಬದಲಾವಣೆಯನ್ನು ಅಳೆಯಲು 1961ರಿಂದ 1990ರದ್ದನ್ನೂ ಉಳಿಸಿಕೊಂಡಿದ್ದಾರೆ. ಹಳೆಯದರ ಎದುರು ಬಿಸಿಯಾಗಿ ಕಾಣುವ ವರ್ಷ, ಹೊಸದರ ಎದುರು ಮಾಮೂಲಾಗಿ ಕಾಣಬಹುದು. ಪ್ರತಿ ಪಟ್ಟಿಯ ತಲೆಯಲ್ಲೇ ಯಾವ ಅವಧಿ ಅಂತ ಬರೆದಿಡಿ. ಎರಡು ಅವಧಿಯ ವ್ಯತ್ಯಾಸಗಳನ್ನು ಒಂದೇ ಸಾಲಿನಲ್ಲಿ ಬೆರೆಸಬೇಡಿ.