ಅಂಕಗಳನ್ನು 0–100ಕ್ಕೆ ತಂದಾಗ ಕೊನೇ ಸಾಲಲ್ಲಿ #DIV/0! ಯಾಕೆ?

"ಸ್ಪ್ರೆಡ್‌ಶೀಟ್‌ನ B ಕಾಲಂನಲ್ಲಿ 40 ಜನರ ಅಂಕ ಇದೆ, ಕಡಿಮೆ ಅಂದ್ರೆ 12, ಜಾಸ್ತಿ ಅಂದ್ರೆ 47. 0ಯಿಂದ 100ಕ್ಕೆ ತರೋಕೆ MIN, MAX ಹಾಕಿ ಫಾರ್ಮುಲಾ ಬರೆದು ಕೆಳಗೆ ಎಳೆದೆ. ಮೊದಲ ಸಾಲು ಸರಿ ಬಂತು, ಕೊನೇದರಲ್ಲಿ #DIV/0! ಬರ್ತಿದೆ."

ಲೆಕ್ಕ ಸರಿಯಾಗಿಯೇ ಇದೆ, ಜಾರಿರುವುದು ರೇಂಜ್. ಡಾಲರ್ ಚಿಹ್ನೆ ಇಲ್ಲದೆ ಕೆಳಗೆ ಎಳೆದರೆ B2:B41 ಅನ್ನುವುದು ಮುಂದಿನ ಸಾಲಿನಲ್ಲಿ B3:B42 ಆಗುತ್ತದೆ, ಹಾಗೇ ಇಳಿಯುತ್ತಾ ಹೋಗಿ ಕೊನೇ ಸಾಲಿಗೆ ಬರುವಾಗ ಆ ರೇಂಜ್‌ನಲ್ಲಿ ಒಂದೇ ಒಂದು ಅಂಕ ಉಳಿದಿರುತ್ತದೆ. ಅಲ್ಲಿ MIN, MAX ಎರಡೂ ಅದೇ ಅಂಕ, ಅವುಗಳ ವ್ಯತ್ಯಾಸ ಸೊನ್ನೆ. ಸೊನ್ನೆಯಿಂದ ಭಾಗಿಸಿದ ಹಾಗಾಯಿತು.

ಅದರ ಮೇಲಿನ ಸಾಲನ್ನೂ ನೋಡಿ. ಅಲ್ಲಿ ರೇಂಜ್‌ನಲ್ಲಿ ಎರಡೇ ಅಂಕ ಇರುವುದರಿಂದ, ಅವೆರಡೂ ಒಂದೇ ಆಗಿರದಿದ್ದರೆ, ಉತ್ತರ 0 ಇಲ್ಲವೇ 100 ಆಗಿರಲೇಬೇಕು. ಕೊನೇದನ್ನು ಮಾತ್ರ ಸರಿಮಾಡಿ ಸುಮ್ನೆ ಇರಬೇಡಿ, ದಯವಿಟ್ಟು. 12 ಅಥವಾ 47 ಇದ್ದ ಸಾಲು ದಾಟಿದ ಮೇಲೆ ಮಧ್ಯದ ಅಂಕಗಳೂ ಕೆಟ್ಟಿರಬಹುದು, ಆದರೆ ಅವು ನೋಡೋಕೆ ಸರಿಯಾಗೇ ಕಾಣುತ್ತವೆ.

C2ನಲ್ಲಿ ಹೀಗೆ ಬರೆದು ಮತ್ತೆ ಎಳೆಯಿರಿ:

```
=IF(B2="","",(B2-MIN(B$2:B$41))/(MAX(B$2:B$41)-MIN(B$2:B$41))*100)
```

ಈಗ 12 ಬಂದವರಿಗೆ 0, 47 ಬಂದವರಿಗೆ 100. 31 ಬಂದವರದ್ದು ನೀವೇ ಕೈಯಲ್ಲಿ ಮಾಡಿ ನೋಡಿ: 31ರಲ್ಲಿ 12 ಕಳೆದರೆ 19, ಅದನ್ನು 35ರಿಂದ ಭಾಗಿಸಿ 100ರಿಂದ ಗುಣಿಸಿದರೆ 54.29.

ಫಾರ್ಮುಲಾದ ಮೊದಲಲ್ಲಿರುವ IF ಯಾಕೆ ಅಂದ್ರೆ, ಖಾಲಿ ಸೆಲ್ ಅನ್ನು MIN ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಆದರೆ ಕಳೆಯುವಾಗ ಅದೇ ಖಾಲಿ ಸೆಲ್ ಸೊನ್ನೆ ಆಗಿಬಿಡುತ್ತದೆ. IF ಇಲ್ಲದಿದ್ದರೆ ಪರೀಕ್ಷೆಗೆ ಬಾರದವರಿಗೆ -34.29 ಅಂತ ಬರುತ್ತದೆ. ಮೈನಸ್ ಕಂಡರೆ ಮೊದಲು ಅಲ್ಲಿ ನೋಡಿ.

ಟೈಪ್ ಮಾಡುವಾಗ 47 ಹೋಗಿ 470 ಆಗಿದ್ದರೆ ಇನ್ನೂ ಕಷ್ಟ. ಆಗ ಆ ಒಬ್ಬರಿಗೆ 100, ಉಳಿದವರೆಲ್ಲ 8ರ ಕೆಳಗೆ, 31ಕ್ಕೆ ಬರುವುದು ಬರೀ 4.15. ಆದ್ದರಿಂದ ಫಾರ್ಮುಲಾ ಹಾಕುವ ಮೊದಲೇ ಕಾಲಂ ಅನ್ನು ವಿಂಗಡಿಸಿ ಎರಡೂ ತುದಿ ಕಣ್ಣಿಂದ ನೋಡಿ.

ಇನ್ನೊಂದು ವಿಷಯ ನನಗೆ ಮುಖ್ಯ ಅನ್ಸುತ್ತೆ. ಈ 0 ಅಂದರೆ ಏನೂ ಬರೆಯಲಿಲ್ಲ ಅಂತಲ್ಲ, ಈ ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಅಂತ ಅಷ್ಟೇ, ಅಲ್ವಾ? ನಾಳೆ 9 ಅಂಕದವರು ಒಬ್ಬರು ಸೇರಿ, ರೇಂಜ್ ಅನ್ನೂ B$42ರವರೆಗೆ ಹಿಗ್ಗಿಸಿದರೆ, 47 ಬಂದವರನ್ನು ಬಿಟ್ಟು ಎಲ್ಲರ ಸಂಖ್ಯೆಯೂ ಬದಲಾಗುತ್ತದೆ. ಪರೀಕ್ಷೆ 50 ಅಂಕಕ್ಕೆ ಇದ್ದು ನಿಮಗೆ ಬೇಕಿರುವುದು ಶೇಕಡಾ ಅಂಕ ಆದರೆ ಇದೆಲ್ಲ ಬೇಡ, `=B2/50*100` ಸಾಕು. ಅಲ್ಲಿ 31ಕ್ಕೆ 62 ಬರುತ್ತದೆ, ಯಾರು ಬಂದರೂ ಹೋದರೂ 62ರಲ್ಲೇ ಇರುತ್ತದೆ.